ಒಂದೇ ಚಿನ್ನಕ್ಕೆ ಮೂರು ಬೆಲೆ: ವಿಮೆಗೆ ಯಾವುದು, ಆಸ್ತಿ ವಿವರಕ್ಕೆ ಯಾವುದು?

ನಮ್ಮ ಅತ್ತಿಗೆ ಈಚೆಗೆ ಎರಡು ಕಾಗದ ಮುಂದಿಟ್ಟುಕೊಂಡು ಕೂತಿದ್ದರು. ಒಂದು ಮನೆಯ ವಸ್ತುಗಳಿಗೆ ಮಾಡಿಸುವ ವಿಮೆಯ ಅರ್ಜಿ, ಇನ್ನೊಂದು ಆಸ್ತಿ ವಿವರದ ಪಟ್ಟಿ. ಎರಡರಲ್ಲೂ ‘ಚಿನ್ನಾಭರಣದ ಮೌಲ್ಯ’ ಅಂತ ಒಂದು ಖಾಲಿ ಜಾಗ. ಅವರು ಮೂರು ಕಡೆ ವಿಚಾರಿಸಿ ಮೂರು ಸಂಖ್ಯೆ ಬರೆದಿಟ್ಟುಕೊಂಡಿದ್ದರು. ಇವತ್ತಿನ ದರಕ್ಕೆ ತೂಕ ಗುಣಿಸಿದಾಗ ಬಂದದ್ದು ಒಂದು, ಕೊಳ್ಳುವ ಅಂಗಡಿಯವರು ಹೇಳಿದ್ದು ಅದಕ್ಕಿಂತ ಕಡಿಮೆ, ಅಂಥದ್ದನ್ನೇ ಹೊಸದಾಗಿ ಮಾಡಿಸಿದರೆ ಎಷ್ಟಾಗುತ್ತದೆ ಎಂದು ಕೇಳಿದಾಗ ಬಂದದ್ದು ಎಲ್ಲಕ್ಕಿಂತ ಹೆಚ್ಚು. ‘ಇದರಲ್ಲಿ ಯಾವುದು ನಿಜ?’ ಎಂದು ಅವರು ಕೇಳಿದರು. ಮೂರೂ ನಿಜ. ಅದಕ್ಕೇ ಗೊಂದಲ.

ಇದೇ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಹಲವರು ಕೇಳುತ್ತಾರೆ. ಹಾಗಾಗಿ ಅತ್ತಿಗೆಯ ಪಟ್ಟಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಯಾವ ಬೆಲೆ ಯಾವ ಕಾಗದಕ್ಕೆ ಹೊಂದುತ್ತದೆ ಎಂದು ಇಲ್ಲಿ ಬಿಡಿಸಿ ಬರೆಯುತ್ತೇನೆ.

ಆಯ್ಕೆಗೆ ಮುನ್ನ ಕೇಳಿಕೊಳ್ಳಬೇಕಾದದ್ದು

ಮೊದಲ ಪ್ರಶ್ನೆ, ಈ ಕಾಗದ ಯಾವ ಘಟನೆಯ ಬಗ್ಗೆ ಮಾತನಾಡುತ್ತಿದೆ? ವಿಮೆ ಮಾತನಾಡುವುದು ಒಡವೆ ಕಳೆದುಹೋದ ದಿನದ ಬಗ್ಗೆ. ಆವತ್ತು ನಿಮಗೆ ಬೇಕಾಗುವುದು ಅದೇ ಬಗೆಯ ಒಡವೆಯನ್ನು ಮತ್ತೆ ತರುವಷ್ಟು ಹಣ. ಆಸ್ತಿ ವಿವರ ಮಾತನಾಡುವುದು ಒಂದು ನಿರ್ದಿಷ್ಟ ದಿನ ನಿಮ್ಮ ಬಳಿ ಏನಿತ್ತು, ಅದು ಎಷ್ಟು ಬಾಳುತ್ತಿತ್ತು ಎಂಬುದರ ಬಗ್ಗೆ. ಕಳೆದುಕೊಳ್ಳುವ ಮಾತು ಅಲ್ಲಿಲ್ಲ. ಈ ಒಂದು ವ್ಯತ್ಯಾಸ ಹಿಡಿದರೆ ಅರ್ಧ ದಾರಿ ಸವೆದಂತೆ.

ಎರಡನೆಯದು, ನಾಳೆ ಯಾರಾದರೂ ಈ ಸಂಖ್ಯೆಯನ್ನು ಪ್ರಶ್ನಿಸಿದರೆ ತೋರಿಸಲು ನಿಮ್ಮ ಬಳಿ ಏನಿದೆ? ಮೂರನೆಯದು, ತಪ್ಪಿದರೆ ಯಾವ ಕಡೆಗೆ ತಪ್ಪಿದರೆ ಹೆಚ್ಚು ನಷ್ಟ? ವಿಮೆಯಲ್ಲಿ ಕಡಿಮೆ ಬರೆದರೆ ಪರಿಹಾರ ಕಡಿಮೆಯಾಗುತ್ತದೆ. ಸಾಲಕ್ಕೋ ವೀಸಾಕ್ಕೋ ಕೊಡುವ ಆಸ್ತಿ ಪಟ್ಟಿಯಲ್ಲಿ ಹೆಚ್ಚು ಬರೆದರೆ ನಂಬಿಕೆ ಹೋಗುತ್ತದೆ. ತೆರಿಗೆಯವರಿಗೆ ಕೊಡುವ ವಿವರದಲ್ಲಿ ಕಡಿಮೆ ಬರೆದರೆ ಬೇರೆಯೇ ತೊಂದರೆ.

ಈ ಮೂರು ಮನಸ್ಸಿನಲ್ಲಿರಲಿ. ಬೆಲೆಗಳನ್ನು ಹೋಲಿಸುವ ಮೊದಲು, ಎಲ್ಲಕ್ಕೂ ಬುನಾದಿಯಾದ ಒಂದು ಸಂಖ್ಯೆ ಬೇಕು: ನಿಮ್ಮ ಬಳಿ ಇರುವ ಅಪ್ಪಟ ಚಿನ್ನ ಎಷ್ಟು ಗ್ರಾಂ?

ಅಪ್ಪಟ ಗ್ರಾಂ ಕಂಡುಹಿಡಿಯುವುದು

ಅತ್ತಿಗೆಯ ಪಟ್ಟಿಯಲ್ಲಿ ನಾಲ್ಕು ವಸ್ತುಗಳಿದ್ದವು. 916 ಮುದ್ರೆಯ ಒಂದು ಜೊತೆ ಬಳೆ, ಅದೇ ಮುದ್ರೆಯ ಹರಳಿನ ನೆಕ್ಲೇಸು, ಯಾವ ಮುದ್ರೆಯೂ ಇಲ್ಲದ ಹಳೆಯ ಸರ, 999 ಎಂದು ಬರೆದಿದ್ದ 10 ಗ್ರಾಂನ ನಾಣ್ಯ.

ಬಳೆಯ ಬಿಲ್ಲಿನಲ್ಲಿ ತೂಕ 40.8 ಗ್ರಾಂ ಎಂದಿತ್ತು. ತೂಗಿ ನೋಡಿದರೆ 40.0. ವರ್ಷಗಟ್ಟಲೆ ಕೈಯಲ್ಲಿದ್ದ ಬಳೆ ಸವೆಯುತ್ತದೆ, ಮೋಸವೇನೂ ಆಗಿಲ್ಲ. ಆದರೆ ಬಿಲ್ಲಿನ ತೂಕವನ್ನು ಹಾಗೇ ಇಳಿಸಿಕೊಂಡರೆ ಇಲ್ಲದ ಚಿನ್ನವನ್ನು ಎಣಿಸಿದಂತಾಗುತ್ತದೆ. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ತೂಗಿ. ಒಟ್ಟಿಗೆ ಹಾಕಿ ತೂಗಿದ ತೂಕ ಯಾವುದಕ್ಕೂ ಉಪಯೋಗವಿಲ್ಲ, ಏಕೆಂದರೆ ಶುದ್ಧತೆ ಒಂದೊಂದಕ್ಕೂ ಬೇರೆ.

ನೆಕ್ಲೇಸಿನ ಒಟ್ಟು ತೂಕ 48 ಗ್ರಾಂ. ಇದರಲ್ಲಿ ಹರಳು ಎಷ್ಟು? ಹಳೆಯ ಬಿಲ್ಲಿನಲ್ಲಿ ‘ಹರಳು 32.5 ಕ್ಯಾರೆಟ್’ ಎಂದಿತ್ತು. ಇಲ್ಲಿ ಕನ್ನಡದಲ್ಲಿ ಓದುವವರಿಗೆ ಒಂದು ತೊಡಕಿದೆ. ಚಿನ್ನದ ಶುದ್ಧತೆಗೂ ಕ್ಯಾರೆಟ್ ಅನ್ನುತ್ತೇವೆ, ಹರಳಿನ ತೂಕಕ್ಕೂ ಕ್ಯಾರೆಟ್ ಅನ್ನುತ್ತೇವೆ. ಎರಡೂ ಬೇರೆ. ಚಿನ್ನದಲ್ಲಿ 22 ಕ್ಯಾರೆಟ್ ಎಂದರೆ 24 ಭಾಗದಲ್ಲಿ 22 ಭಾಗ ಚಿನ್ನ. ಹರಳಿನಲ್ಲಿ 1 ಕ್ಯಾರೆಟ್ ಎಂದರೆ 0.2 ಗ್ರಾಂ. ಹಾಗಾಗಿ 32.5 ಕ್ಯಾರೆಟ್ ಹರಳು 6.5 ಗ್ರಾಂ ಆಯಿತು. 48ರಿಂದ ಅದನ್ನು ಕಳೆದರೆ ಉಳಿಯುವ ನಿವ್ವಳ ತೂಕ 41.5 ಗ್ರಾಂ. ಬಿಲ್ಲು ಇಲ್ಲದಿದ್ದರೆ ಇಷ್ಟು ನಿಖರವಾಗಿ ಹೇಳಲಾಗದು. ಹಿಂಬದಿ ಮುಚ್ಚಿದ ಒಡವೆಗಳ ಒಳಗೆ ಅರಗೋ ಮೇಣವೋ ತುಂಬಿರುತ್ತದೆ, ಅದೂ ತೂಗುತ್ತದೆ. ಬಿಚ್ಚದೆ ಅದನ್ನು ಯಾವ ಯಂತ್ರವೂ ಸರಿಯಾಗಿ ಹೇಳದು. ಅಂಥದ್ದಕ್ಕೆ ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಬರೆದಿಟ್ಟುಕೊಳ್ಳುವುದೇ ಪ್ರಾಮಾಣಿಕ ದಾರಿ.

ಇನ್ನು ಶುದ್ಧತೆ. ಮುದ್ರೆಯಲ್ಲಿರುವ ಸಂಖ್ಯೆ ಸಾವಿರಕ್ಕೆ ಎಷ್ಟು ಭಾಗ ಚಿನ್ನ ಎಂಬುದನ್ನು ಹೇಳುತ್ತದೆ. 916 ಎಂದರೆ 22 ಕ್ಯಾರೆಟ್, 875 ಎಂದರೆ 21, 750 ಎಂದರೆ 18, 585 ಎಂದರೆ 14. ಲೆಕ್ಕ ಸರಳ: ನಿವ್ವಳ ತೂಕವನ್ನು ಈ ಸಂಖ್ಯೆಗೆ ಗುಣಿಸಿ ಸಾವಿರದಿಂದ ಭಾಗಿಸಿ. ಬಳೆಯಲ್ಲಿ 36.64 ಗ್ರಾಂ, ನೆಕ್ಲೇಸಿನಲ್ಲಿ 38.01, ನಾಣ್ಯದಲ್ಲಿ 9.99.

ಕಷ್ಟ ಇರುವುದು ಮುದ್ರೆಯಿಲ್ಲದ ಸರದಲ್ಲಿ. ‘ನಮ್ಮದು ಹಳೇ ಚಿನ್ನ, ಅಪ್ಪಟ’ ಎಂಬ ಮಾತು ಮನೆಮನೆಯಲ್ಲೂ ಇರುತ್ತದೆ. ಆದರೆ ಕೊಂಡಿ ಕೊಂಡಿ ಸೇರಿಸಿದ ಹಳೆಯ ಸರಗಳಲ್ಲಿ ಬೆಸುಗೆ ಬಹಳ, ಬೆಸುಗೆಯ ಲೋಹದಲ್ಲಿ ಚಿನ್ನದ ಅಂಶ ಕಡಿಮೆ ಇರುವುದೇ ಹೆಚ್ಚು. ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಇಟ್ಟಾಗ ಕೊಂಡಿಯ ಮೇಲೆ 900ರ ಹತ್ತಿರ ತೋರಿಸಿತು, ಬೆಸುಗೆಯ ಬಳಿ 850ರ ಹತ್ತಿರ. ಈ ಯಂತ್ರ ಎಕ್ಸ್-ಕಿರಣ ಹಾಯಿಸಿ ಓದುವುದು ಮೇಲಿನ ತೆಳು ಪದರವನ್ನು ಮಾತ್ರ. ಒಡವೆಯನ್ನು ಆಮ್ಲದಲ್ಲಿ ತೊಳೆಯುವಾಗ ಮೇಲ್ಮೈಯ ತಾಮ್ರ ಕರಗಿಹೋಗಿ ಅಲ್ಲಿ ಚಿನ್ನದ ಅಂಶ ಹೆಚ್ಚಾಗಿ ಕಾಣುತ್ತದೆ. ಮೇಲೆ ಚಿನ್ನದ ನೀರು ಹಾಕಿದ್ದರಂತೂ ಓದು ಪೂರ್ತಿ ದಾರಿ ತಪ್ಪುತ್ತದೆ. ಹಾಗಾಗಿ ಒಂದೇ ಕಡೆ ಇಟ್ಟು ಓದಿದ್ದನ್ನು ನಂಬಬೇಡಿ. ಮೂರು ನಾಲ್ಕು ಕಡೆ ಓದಿಸಿ, ಕೊಕ್ಕೆಯನ್ನೂ ಬೆಸುಗೆಯನ್ನೂ ಬಿಡಬೇಡಿ. ನಾವು 880 ಎಂದು ಹಿಡಿದೆವು. 24 ಗ್ರಾಂ ಸರದಲ್ಲಿ ಅಪ್ಪಟ 21.12 ಗ್ರಾಂ.

ಇದಕ್ಕಿಂತ ಖಚಿತವಾದ ದಾರಿ ಪುಟ ಹಾಕಿ ನೋಡುವುದು. ಚೂರು ತೆಗೆದು ಸೀಸದೊಂದಿಗೆ ಕಾಯಿಸಿ ಬೆರಕೆಯನ್ನು ಬೇರ್ಪಡಿಸುತ್ತಾರೆ. ಫಲಿತಾಂಶ ಬಹಳ ನಿಖರ. ಆದರೆ ಒಡವೆಯಿಂದ ಚೂರು ಹೋಗುತ್ತದೆ, ಮತ್ತು ವಿಮೆಗೋ ಆಸ್ತಿ ಪಟ್ಟಿಗೋ ಅಷ್ಟು ನಿಖರತೆ ಯಾರೂ ಕೇಳುವುದಿಲ್ಲ. ಮಾರಿ ಕರಗಿಸುವಾಗ ಮಾತ್ರ ಅದು ಬೇಕು.

ಖರ್ಚಿಲ್ಲದೆ ಮನೆಯಲ್ಲೇ ನೋಡಬಹುದಾದ್ದು ಒಂದಿದೆ, ಅದೂ ಹರಳಿಲ್ಲದ, ಟೊಳ್ಳಲ್ಲದ ಒಡವೆಗೆ ಮಾತ್ರ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತಂದು, ಬಳೆಯನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದಂತೆ ನೀರಿನಲ್ಲಿ ಮುಳುಗಿಸಿ. ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಬಳೆಯ ಗಾತ್ರ ಅಷ್ಟು ಮಿಲಿಲೀಟರ್. 40 ಗ್ರಾಂನ 22 ಕ್ಯಾರೆಟ್ ಬಳೆಗೆ ಅದು 2.25ರ ಆಸುಪಾಸು ಬರಬೇಕು, ಏಕೆಂದರೆ ಅಂಥ ಚಿನ್ನದ ಸಾಂದ್ರತೆ ಸುಮಾರು 17.8. 2.6 ಬಂದರೆ ಅದು 18 ಕ್ಯಾರೆಟ್ಟಿನ ಕಡೆಗೆ ವಾಲಿದೆ, ಇಲ್ಲವೇ ಒಳಗೆ ಟೊಳ್ಳಿದೆ ಎಂದು ಅನುಮಾನಿಸಬಹುದು. ಅನುಮಾನಕ್ಕೆ ಇದು ಸಾಕು, ಕಾಗದಕ್ಕೆ ಸಾಲದು.

ಅಂತೂ ನಾಲ್ಕೂ ಸೇರಿ ಒಟ್ಟು ತೂಕ 122 ಗ್ರಾಂ, ಅದರಲ್ಲಿ ಅಪ್ಪಟ ಚಿನ್ನ 105.76 ಗ್ರಾಂ.

ದರ ಯಾವುದು ಎಂಬ ಗೊಂದಲ

ಇಲ್ಲಿಂದ ಮುಂದೆ ನಾನು ಯಾವ ದೇಶದ ಹಣವನ್ನೂ ಬಳಸುವುದಿಲ್ಲ. ಅಪ್ಪಟ ಚಿನ್ನದ ದರ ಗ್ರಾಂಗೆ 100 ಎಂದಿಟ್ಟುಕೊಳ್ಳೋಣ. ನಿಮ್ಮ ದಿನದ ದರ ಎಷ್ಟಿದ್ದರೂ ಇಲ್ಲಿಯ ಮೊತ್ತವನ್ನು ಆ ದರಕ್ಕೆ ಗುಣಿಸಿ 100ರಿಂದ ಭಾಗಿಸಿದರೆ ನಿಮ್ಮ ಲೆಕ್ಕ ಸಿಗುತ್ತದೆ.

ದರದಲ್ಲಿ ಎರಡು ತಪ್ಪು ಪದೇ ಪದೇ ಕಾಣುತ್ತೇನೆ. ಒಂದು, ಶುದ್ಧತೆಯನ್ನು ಎರಡು ಸಲ ಕಳೆಯುವುದು. ಅಂಗಡಿಗಳು ಹಾಕುವ 22 ಕ್ಯಾರೆಟ್ ದರದಲ್ಲಿ ಶುದ್ಧತೆ ಆಗಲೇ ಕಳೆದಿರುತ್ತದೆ. ಆ ದರವನ್ನು ಹಿಡಿದು, ಮತ್ತೆ 0.916ರಿಂದ ಗುಣಿಸಿದರೆ 22 ಕ್ಯಾರೆಟ್ ಒಡವೆ ಹೆಚ್ಚುಕಡಿಮೆ 20 ಕ್ಯಾರೆಟ್ ಆಗಿಬಿಡುತ್ತದೆ. ನಮ್ಮ ಬಳೆಯೊಂದರಲ್ಲೇ 3,664 ಬರಬೇಕಾದದ್ದು 3,356 ಆಗುತ್ತದೆ. ಇದನ್ನು ತಪ್ಪಿಸಲು ಒಂದು ನಿಯಮ ಇಟ್ಟುಕೊಳ್ಳಿ: ತೂಕವನ್ನು ಅಪ್ಪಟ ಗ್ರಾಂಗೆ ಇಳಿಸಿದ್ದರೆ 24 ಕ್ಯಾರೆಟ್ ದರ, ಇಳಿಸದಿದ್ದರೆ ಆ ಒಡವೆಯ ಕ್ಯಾರೆಟ್ಟಿನದೇ ದರ. ಎರಡನ್ನೂ ಬೆರೆಸಬೇಡಿ.

ಇನ್ನೊಂದು ಔನ್ಸಿನ ತಪ್ಪು. ಲಂಡನ್ನಿನಲ್ಲಿ ಕೆಲಸದ ದಿನಗಳಲ್ಲಿ ಬೆಳಿಗ್ಗೆ 10:30ಕ್ಕೆ ಮತ್ತು ಮಧ್ಯಾಹ್ನ 3:00ಕ್ಕೆ ನಿಗದಿಯಾಗುವ ಅಂತರರಾಷ್ಟ್ರೀಯ ದರ ಟ್ರಾಯ್ ಔನ್ಸಿನ ಲೆಕ್ಕದಲ್ಲಿದೆ. ಒಂದು ಟ್ರಾಯ್ ಔನ್ಸ್ ಎಂದರೆ 31.1035 ಗ್ರಾಂ. ಅಡುಗೆಮನೆಯ ಸಾಮಾನಿನ ಔನ್ಸ್ 28.35 ಗ್ರಾಂ. ಇದರಿಂದ ಭಾಗಿಸಿದರೆ ಗ್ರಾಂ ದರ ಸುಮಾರು ಶೇ 10ರಷ್ಟು ಉಬ್ಬುತ್ತದೆ. ಜೊತೆಗೆ ಆ ದರದಲ್ಲಿ ಸ್ಥಳೀಯ ಸುಂಕ, ತೆರಿಗೆ ಇರುವುದಿಲ್ಲ. ನೀವು ಇರುವ ಕಡೆಯ ದರವನ್ನೇ ಹಿಡಿಯುವುದು ಕ್ಷೇಮ. ಆ ದಿನದ ದರ ಪ್ರಕಟವಾದ ಪುಟವನ್ನು ದಿನಾಂಕ ಕಾಣುವಂತೆ ಉಳಿಸಿಟ್ಟುಕೊಳ್ಳಿ, ನಾಳೆ ಯಾರಾದರೂ ಕೇಳಿದರೆ ಅದೇ ನಿಮ್ಮ ಪುರಾವೆ.

ಮೊದಲ ಬೆಲೆ: ಲೋಹದ ಬೆಲೆ

ಅಪ್ಪಟ ಗ್ರಾಂ ಗುಣಿಸು ದರ. ಅಷ್ಟೇ. ನಮ್ಮ ಪಟ್ಟಿಗೆ 10,576. ಮಜೂರಿ ಇಲ್ಲ, ಹರಳು ಇಲ್ಲ, ಮಾರುವವನ ಲಾಭವಿಲ್ಲ, ಕೊಳ್ಳುವವನ ಕಡಿತವೂ ಇಲ್ಲ.

ಇದರ ದೊಡ್ಡ ಗುಣ ಎಂದರೆ ಯಾರು ಬೇಕಾದರೂ ಮತ್ತೆ ಲೆಕ್ಕ ಮಾಡಿ ಇದೇ ಸಂಖ್ಯೆಗೆ ಬರಬಹುದು. ತೂಕ, ಶುದ್ಧತೆ, ದಿನದ ದರ ಮೂರನ್ನೂ ಕಾಗದದ ಮೇಲೆ ತೋರಿಸಬಹುದು. ಅಭಿಪ್ರಾಯಕ್ಕೆ ಜಾಗವೇ ಕಡಿಮೆ. ಇದರ ಕೊರತೆ ಎಂದರೆ ಈ ಬೆಲೆಗೆ ನಿಮಗೆ ಯಾರೂ ಒಡವೆ ಮಾಡಿಕೊಡುವುದಿಲ್ಲ, ಈ ಬೆಲೆಗೆ ನಿಮ್ಮ ಒಡವೆಯನ್ನು ಸಾಮಾನ್ಯವಾಗಿ ಯಾರೂ ಕೊಳ್ಳುವುದೂ ಇಲ್ಲ.

ಅಪ್ಪಟ ಗ್ರಾಂಗೆ ಇಳಿಸದೆ 122 ಗ್ರಾಂ ತೂಕವನ್ನು ನೇರವಾಗಿ 24 ಕ್ಯಾರೆಟ್ ದರಕ್ಕೆ ಗುಣಿಸಿದ್ದರೆ 12,200 ಬರುತ್ತಿತ್ತು. ಅದು ಇದ್ದದ್ದಕ್ಕಿಂತ ಶೇ 15ರಷ್ಟು ಹೆಚ್ಚು.

ಎರಡನೆಯದು: ಮಾರಿದರೆ ಕೈಗೆ ಬರುವ ಬೆಲೆ

ಲೋಹದ ಬೆಲೆಯಿಂದ ಕೊಳ್ಳುವವರ ಕಡಿತ ಕಳೆದರೆ ಇದು. ಕಡಿತ ಎಂದರೆ ಕರಗಿಸುವಾಗಿನ ನಷ್ಟ, ಶುದ್ಧಗೊಳಿಸುವ ಖರ್ಚು, ದರ ಬಿದ್ದರೆ ಎಂಬ ಅಂಜಿಕೆ ಮತ್ತು ಅವರ ಲಾಭ. ಮುದ್ರೆಯಿರುವುದಕ್ಕೆ ಕಡಿಮೆ ಹಿಡಿಯುತ್ತಾರೆ, ಇಲ್ಲದ್ದಕ್ಕೆ ಹೆಚ್ಚು. ಅಂಗಡಿಯಿಂದ ಅಂಗಡಿಗೂ ಬದಲಾಗುತ್ತದೆ. ಲೆಕ್ಕಕ್ಕೆಂದು ಬಳೆ ಮತ್ತು ನೆಕ್ಲೇಸಿಗೆ ಶೇ 3, ಹಳೆಯ ಸರಕ್ಕೆ ಶೇ 6, ನಾಣ್ಯಕ್ಕೆ ಶೇ 2 ಎಂದು ಹಿಡಿಯೋಣ. ಸಣ್ಣ ಹರಳುಗಳಿಗೆ ಮರಳಿ ಏನೂ ಸಿಗದು ಎಂದೇ ಇಟ್ಟುಕೊಳ್ಳಿ. ಒಟ್ಟು 10,205.

ಇಲ್ಲಿ ಗಮನಿಸಬೇಕಾದ ಒಂದು ಚಾಳಿ ಇದೆ. ಕೆಲವರು ‘ಕಡಿತವೇ ಇಲ್ಲ’ ಎಂದು ಹೇಳಿ ಶುದ್ಧತೆಯನ್ನು ಕಡಿಮೆ ಹಿಡಿಯುತ್ತಾರೆ, ಅಥವಾ ಹರಳಿನ ತೂಕವನ್ನು ಹೆಚ್ಚು ಕಳೆಯುತ್ತಾರೆ. ಆದ್ದರಿಂದ ಶೇಕಡಾ ಲೆಕ್ಕ ಕೇಳಬೇಡಿ. ‘ನಿವ್ವಳ ತೂಕ ಎಷ್ಟು ಹಿಡಿದಿರಿ, ಶುದ್ಧತೆ ಎಷ್ಟು, ಕೊನೆಗೆ ಕೈಗೆ ಎಷ್ಟು’ ಎಂದು ಮೂರನ್ನೂ ಬರೆಸಿಕೊಳ್ಳಿ. ಕೊನೆಯ ಮೊತ್ತವನ್ನು ನಿಮ್ಮ ಅಪ್ಪಟ ಗ್ರಾಂನಿಂದ ಭಾಗಿಸಿ, ಬಂದದ್ದನ್ನು ಆ ದಿನದ 24 ಕ್ಯಾರೆಟ್ ದರದ ಪಕ್ಕ ಇಟ್ಟು ನೋಡಿದರೆ ನಿಜವಾದ ಕಡಿತ ಬೆತ್ತಲಾಗುತ್ತದೆ.

ಮೂರನೆಯದು: ಮತ್ತೆ ಕೊಳ್ಳುವ ಬೆಲೆ

ಅಂಥದ್ದೇ ಒಡವೆಯನ್ನು ಇವತ್ತು ಹೊಸದಾಗಿ ತರಲು ಬೇಕಾದ ಹಣ. ಲೋಹದ ಬೆಲೆಗೆ ಮಜೂರಿ, ವೇಸ್ಟೇಜು, ಹರಳಿನ ಬೆಲೆ, ತೆರಿಗೆ ಎಲ್ಲ ಸೇರುತ್ತವೆ. ಬಳೆಗೆ ಮಜೂರಿ ಶೇ 10, ಕುಸುರಿ ಹೆಚ್ಚಿರುವ ನೆಕ್ಲೇಸಿಗೆ ಶೇ 18 ಮತ್ತು ಹರಳಿಗೆ 400, ಸರಕ್ಕೆ ಶೇ 8, ನಾಣ್ಯಕ್ಕೆ ಶೇ 3, ಎಲ್ಲದರ ಮೇಲೆ ತೆರಿಗೆ ಶೇ 5 ಎಂದುಕೊಳ್ಳೋಣ. ಹಳೆಯ ಸರಕ್ಕೆ ಒಂದು ವಿಶೇಷವಿದೆ. 880ರ ಸರವನ್ನು ಇವತ್ತು ಯಾವ ಅಂಗಡಿಯೂ ಮಾರುವುದಿಲ್ಲ. 24 ಗ್ರಾಂನದೇ ಸರ ಬೇಕೆಂದರೆ 916ರಲ್ಲೇ ಕೊಳ್ಳಬೇಕು. ನಾನು ಹಾಗೇ ಲೆಕ್ಕ ಹಾಕಿದ್ದೇನೆ. ಆದರೆ ವಿಮೆಯವರು ‘ಇದ್ದದ್ದಕ್ಕಿಂತ ಒಳ್ಳೆಯದನ್ನು ಕೊಡಲಾಗದು’ ಎಂದು ಆ ವ್ಯತ್ಯಾಸವನ್ನು ಕಳೆಯಬಹುದು. ಅರ್ಜಿ ತುಂಬುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳುವುದು ಮೇಲು.

ಮೂರನ್ನೂ ಪಕ್ಕಪಕ್ಕ ಇಟ್ಟರೆ ಹೀಗೆ ಕಾಣುತ್ತದೆ:

| ವಸ್ತು | ಅಪ್ಪಟ ಗ್ರಾಂ | ಲೋಹದ ಬೆಲೆ | ಮಾರಿದರೆ | ಮತ್ತೆ ಕೊಂಡರೆ |
|---|---|---|---|---|
| ಬಳೆ | 36.64 | 3,664 | 3,554 | 4,232 |
| ನೆಕ್ಲೇಸು | 38.01 | 3,801 | 3,687 | 5,130 |
| ಹಳೆಯ ಸರ | 21.12 | 2,112 | 1,985 | 2,493 |
| ನಾಣ್ಯ | 9.99 | 999 | 979 | 1,080 |
| ಒಟ್ಟು | 105.76 | 10,576 | 10,205 | 12,935 |

ಲೋಹದ ಬೆಲೆಗೂ ಮಾರುವ ಬೆಲೆಗೂ ಅಂತರ ಸಣ್ಣದು, ಶೇ 3.5. ಮಾರುವ ಬೆಲೆಗೂ ಮತ್ತೆ ಕೊಳ್ಳುವ ಬೆಲೆಗೂ ಅಂತರ ಶೇ 27ರ ಸಮೀಪ. ನೆಕ್ಲೇಸಿನ ಸಾಲನ್ನೇ ನೋಡಿ, ಕುಸುರಿ ಮತ್ತು ಹರಳು ಹೆಚ್ಚಿದಷ್ಟೂ ಈ ಅಂತರ ಬೆಳೆಯುತ್ತದೆ. ನಾಣ್ಯದಲ್ಲಿ ಅದು ಎಲ್ಲಕ್ಕಿಂತ ಕಡಿಮೆ. ನಿಮ್ಮ ಮನೆಯಲ್ಲಿರುವುದು ಬರೀ ನಾಣ್ಯ, ಗಟ್ಟಿಗಳಾದರೆ ಯಾವ ಬೆಲೆ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಅಷ್ಟಿಲ್ಲ.

ವಿಮೆಗೆ

ನನ್ನ ಮಟ್ಟಿಗೆ ವಿಮೆಗೆ ಮತ್ತೆ ಕೊಳ್ಳುವ ಬೆಲೆಯೇ ಸರಿ, ಪಾಲಿಸಿ ಹಳೆಯದಕ್ಕೆ ಹೊಸದನ್ನು ತುಂಬಿಕೊಡುವ ಬಗೆಯದಾಗಿದ್ದರೆ. ಕೆಲವು ಪಾಲಿಸಿಗಳು ನಷ್ಟವಾದ ದಿನದ ಮಾರುಕಟ್ಟೆ ಬೆಲೆಯನ್ನಷ್ಟೇ ಕೊಡುತ್ತವೆ. ಅಂಥದ್ದಕ್ಕೆ 12,935 ಬರೆದರೆ ಸಿಗದ ಹಣಕ್ಕೆ ಕಂತು ಕಟ್ಟಿದಂತೆ. ಇನ್ನು ಕೆಲವು ಮೊದಲೇ ಒಪ್ಪಿಕೊಂಡ ಮೊತ್ತವನ್ನು ಕೊಡುತ್ತವೆ, ಅವಕ್ಕೆ ಮೌಲ್ಯಮಾಪಕರ ವರದಿ ಬೇಕಾಗುತ್ತದೆ. ಹಾಗಾಗಿ ಸಂಖ್ಯೆ ಹುಡುಕುವ ಮೊದಲು ಪಾಲಿಸಿಯಲ್ಲಿ ‘ಮೌಲ್ಯ ನಿರ್ಧಾರದ ಆಧಾರ’ ಎಂಬ ಸಾಲನ್ನು ಹುಡುಕಿ.

ಕಡಿಮೆ ಬರೆದರೆ ಏನಾಗುತ್ತದೆ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಕಂತು ಉಳಿಸಲು ಅತ್ತಿಗೆ 10,205 ಎಂದು ಬರೆದರು ಎಂದುಕೊಳ್ಳಿ. ಬಳೆ ಮಾತ್ರ ಕಳುವಾಯಿತು. ‘ಒಟ್ಟು ಮೊತ್ತ ಬಳೆಯ ಬೆಲೆಗಿಂತ ಎಷ್ಟೋ ಹೆಚ್ಚಿದೆಯಲ್ಲ, ಪೂರ್ತಿ ಸಿಗುತ್ತದೆ’ ಎಂದು ಅನ್ನಿಸುತ್ತದೆ. ಆದರೆ ಪಾಲಿಸಿಯಲ್ಲಿ ಸರಾಸರಿಯ ಷರತ್ತು ಇದ್ದರೆ, ಇರುವ ಚಿನ್ನದ ಪೂರ್ತಿ ಬೆಲೆಯಾದ 12,935ರಲ್ಲಿ ವಿಮೆ ಮಾಡಿಸಿದ್ದು ಶೇ 79 ಮಾತ್ರ ಎಂದು ಲೆಕ್ಕ ಹಾಕಿ, ಬಳೆಯ 4,232ರಲ್ಲೂ ಅಷ್ಟೇ ಪಾಲು ಕೊಡುತ್ತಾರೆ. ಕೈಗೆ ಬರುವುದು 3,339. ಉಳಿದ 893 ನಿಮ್ಮದೇ ನಷ್ಟ.

ದರ ಏರುವಾಗ ಇದೇ ತೊಂದರೆ ತಾನಾಗಿ ಬರುತ್ತದೆ. ವರ್ಷದೊಳಗೆ ದರ ಶೇ 15 ಏರಿದರೆ, ಹರಳನ್ನು ಬಿಟ್ಟು ಉಳಿದದ್ದೆಲ್ಲ ಏರಿ 12,935 ಇದ್ದದ್ದು 14,812ರ ಹತ್ತಿರ ಹೋಗುತ್ತದೆ. ನೀವು ಸರಿಯಾಗಿಯೇ ಬರೆದಿದ್ದರೂ ಕೊರತೆಯವರಾಗುತ್ತೀರಿ. ವಿಮೆಯ ಮೊತ್ತ ನಡುವೆ ತಾನಾಗಿ ಏರುವ ಸೌಲಭ್ಯ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ವರ್ಷದ ನಡುವೆ ಒಮ್ಮೆ ಮೊತ್ತ ಏರಿಸಲು ಬಿಡುತ್ತಾರೆಯೇ ಎಂದು ಕೇಳಿ. ಹಾಗೆಂದು ಮೊದಲೇ ಬೇಕಾಬಿಟ್ಟಿ ಹೆಚ್ಚು ಬರೆಯುವುದರಲ್ಲಿ ಲಾಭವಿಲ್ಲ. ಪರಿಹಾರ ನಿಜವಾದ ನಷ್ಟವನ್ನು ಮೀರುವುದಿಲ್ಲ, ಮತ್ತು ಕೆಲವು ಕಂಪನಿಗಳು ಹಣ ಕೊಡುವ ಬದಲು ತಮ್ಮ ಒಡವೆ ಅಂಗಡಿಯಿಂದಲೇ ಮಾಡಿಸಿಕೊಡುತ್ತವೆ.

ಇನ್ನೆರಡು ಸಣ್ಣ ವಿಷಯ. ಹಲವು ಪಾಲಿಸಿಗಳಲ್ಲಿ ಒಂದೊಂದು ವಸ್ತುವಿಗೆ ಮಿತಿ ಇರುತ್ತದೆ, ಅದನ್ನು ಮೀರಿದ್ದನ್ನು ಹೆಸರಿಸಿ ಬರೆಯಬೇಕು. ನಮ್ಮ ಪಟ್ಟಿಯಲ್ಲಿ ನೆಕ್ಲೇಸು ಅಂಥದ್ದು. ನಾಣ್ಯವನ್ನು ಒಡವೆ ಎನ್ನದೆ ನಗದಿನ ಜೊತೆ ಸೇರಿಸಿ ಮಿತಿ ಹಾಕುವುದೂ ಉಂಟು.

ಆಸ್ತಿ ವಿವರಕ್ಕೆ

ಇಲ್ಲಿ ಮತ್ತೆ ಕೊಳ್ಳುವ ಬೆಲೆ ಖಂಡಿತ ಬೇಡ. ಕೊಟ್ಟ ಮಜೂರಿ, ತೆರಿಗೆ ನಿಮ್ಮ ಆಸ್ತಿಯಲ್ಲ, ಅವು ಖರ್ಚಾಗಿ ಹೋದವು. ಉಳಿಯುವ ಪ್ರಶ್ನೆ ಲೋಹದ ಬೆಲೆಯೋ ಮಾರುವ ಬೆಲೆಯೋ ಎಂಬುದು.

ಸಾಲ ಕೊಡುವವರಿಗೋ ವೀಸಾದವರಿಗೋ ನಿಮ್ಮ ಆರ್ಥಿಕ ಬಲ ತೋರಿಸುವ ಪಟ್ಟಿಯಾದರೆ ಮಾರುವ ಬೆಲೆ ಹೆಚ್ಚು ಗಟ್ಟಿ. ನಾಳೆಯೇ ಹಣವಾಗಿಸಬಲ್ಲ ಮೊತ್ತ ಅದು, ಯಾರೂ ಉಬ್ಬಿಸಿದ್ದಾರೆ ಎನ್ನಲಾರರು. ತೆರಿಗೆಗೋ ಸಾರ್ವಜನಿಕ ಘೋಷಣೆಗೋ ಕೊಡುವ ಪಟ್ಟಿಯಲ್ಲಿ ‘ಮಾರುಕಟ್ಟೆ ಮೌಲ್ಯ’ ಎಂದಿದ್ದರೆ ನಾನು ಲೋಹದ ಬೆಲೆಯನ್ನೇ ಬರೆಯುತ್ತೇನೆ. ಪರಿಶೀಲಿಸುವವರು ತೂಕ, ಶುದ್ಧತೆ, ದರ ಗುಣಿಸಿ ಅದೇ ಸಂಖ್ಯೆಗೆ ಬರುತ್ತಾರೆ. ಕೊಳ್ಳುವವರ ಕಡಿತವನ್ನು ನೀವಾಗಿಯೇ ಕಳೆದರೆ ಅದಕ್ಕೆ ಸಮರ್ಥನೆ ಕೊಡುವ ಹೊರೆ ನಿಮ್ಮ ಮೇಲೆ. ಶೇ 3.5ಕ್ಕಾಗಿ ಆ ಜಗ್ಗಾಟ ಬೇಕಿಲ್ಲ. ಬೆಲೆಬಾಳುವ ದೊಡ್ಡ ಹರಳಿದ್ದರೆ ಅದನ್ನು ಬೇರೆ ಸಾಲಿನಲ್ಲಿ, ಬೇರೆ ವರದಿಯ ಆಧಾರದ ಮೇಲೆ ತೋರಿಸಬೇಕು.

ಆದರೆ ಕೆಲವು ನಮೂನೆಗಳು ಮಾರುಕಟ್ಟೆ ಮೌಲ್ಯವನ್ನು ಕೇಳುವುದೇ ಇಲ್ಲ, ಕೊಂಡ ಬೆಲೆ ಕೇಳುತ್ತವೆ. ಆಗ ಮೇಲಿನ ಯಾವ ಲೆಕ್ಕವೂ ಬೇಡ, ಬಿಲ್ಲು ಹುಡುಕಿ. ಬಳುವಳಿಯಾಗಿ ಬಂದ ಒಡವೆಗೆ ಕೊಟ್ಟವರ ಬೆಲೆ ಬರೆಯಬೇಕೋ, ಕೈಗೆ ಬಂದ ದಿನದ ಬೆಲೆಯೋ ಎಂಬುದನ್ನು ಆ ನಮೂನೆಯ ಸೂಚನೆಯೇ ಹೇಳಬೇಕು. ಇಲ್ಲಿ ಊಹೆ ಮಾಡಬೇಡಿ. ದಿನಾಂಕವೂ ಹಾಗೆಯೇ. ಪಟ್ಟಿ ತುಂಬುವ ದಿನದ ದರವಲ್ಲ, ನಮೂನೆ ಹೇಳುವ ದಿನದ ದರ ಬೇಕು.

ಅಡವಿಟ್ಟ ಒಡವೆ ಇದ್ದರೆ ಅದನ್ನು ಪಟ್ಟಿಯಿಂದ ಬಿಡಬೇಡಿ, ಸಾಲ ಕಳೆದು ಉಳಿದದ್ದನ್ನು ಬರೆಯಲೂಬೇಡಿ. ಪೂರ್ತಿ ಬೆಲೆ ಆಸ್ತಿಯ ಕಡೆ, ಸಾಲ ಸಾಲದ ಕಡೆ. ಮನೆಯ ಕಪಾಟಿನಲ್ಲಿದ್ದರೂ ಬೇರೆಯವರ ಹೆಸರಿನ ಚಿನ್ನ ನಿಮ್ಮ ಪಟ್ಟಿಗೆ ಬರುವುದಿಲ್ಲ. ಕುಟುಂಬದ ಚಿನ್ನದಲ್ಲಿ ಇದು ಯಾವುದು ಯಾರದು ಎಂದು ಮೊದಲೇ ಕೂತು ಮಾತಾಡಿಕೊಳ್ಳಬೇಕಾದ ವಿಷಯ.

ಬೆಲೆ ಕಟ್ಟಿಸುವುದು ಯಾರಿಂದ?

ಮುದ್ರೆಯಿರುವ, ಹರಳಿಲ್ಲದ ಒಡವೆ, ನಾಣ್ಯ, ಬಿಲ್ಲುಗಳು ಇದ್ದರೆ ಮನೆಯಲ್ಲೇ ಲೆಕ್ಕ ಮಾಡಿಕೊಳ್ಳಬಹುದು. ಖರ್ಚೇ ಇಲ್ಲ. ಮುದ್ರೆಯಿಲ್ಲದ್ದು ಒಂದೆರಡು ಇದ್ದರೆ ಅವನ್ನಷ್ಟೇ ಪರೀಕ್ಷೆಗೆ ಒಯ್ದು ಚೀಟಿ ಪಡೆಯಿರಿ, ಉಳಿದದ್ದನ್ನು ನೀವೇ ಮಾಡಿ. ನಮ್ಮ ಅತ್ತಿಗೆಗೆ ನಾನು ಹೇಳಿದ್ದು ಇದನ್ನೇ. ಪೂರ್ತಿ ವರದಿಗೆ ಹಣ ಕೊಡುವುದು ಯಾವಾಗ ಎಂದರೆ, ಹರಳು ಮತ್ತು ಕುಸುರಿಯ ಒಡವೆಗಳೇ ಹೆಚ್ಚಿದ್ದು ವಿಮೆಯ ಮೊತ್ತ ದೊಡ್ಡದಾಗಿದ್ದಾಗ, ಅಥವಾ ನಮೂನೆಯೇ ಮಾನ್ಯತೆ ಪಡೆದ ಮೌಲ್ಯಮಾಪಕರನ್ನು ಕೇಳಿದಾಗ.

ಮೌಲ್ಯಮಾಪಕರನ್ನು ಆರಿಸುವಾಗ ಎರಡು ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಶುಲ್ಕ ಒಡವೆಯ ಬೆಲೆಯ ಶೇಕಡಾವಾರು ಇರಬಾರದು, ಇದ್ದರೆ ಬೆಲೆ ಉಬ್ಬಿದಷ್ಟೂ ಅವರಿಗೆ ಲಾಭ. ಒಂದು ವಸ್ತುವಿಗೆ ಇಷ್ಟು ಎಂದಿರಲಿ. ಮತ್ತು ಬೆಲೆ ಕಟ್ಟುವವರು ಅದನ್ನೇ ಕೊಳ್ಳಲು ಮುಂದೆ ಬರುವವರಾಗಿರಬಾರದು, ಅವರಿಗೆ ಕಡಿಮೆ ಹೇಳುವುದರಲ್ಲಿ ಲಾಭ. ವರದಿಯಲ್ಲಿ ಒಟ್ಟು ತೂಕ, ಹರಳಿನ ತೂಕ, ನಿವ್ವಳ ತೂಕ, ಶುದ್ಧತೆ, ಪರೀಕ್ಷೆಯ ವಿಧಾನ, ಹಿಡಿದ ದರ, ದಿನಾಂಕ ಇವೆಲ್ಲ ಬೇರೆ ಬೇರೆಯಾಗಿ ಇರಬೇಕು. ಮುಖ್ಯವಾಗಿ ಇದು ಯಾವ ಬೆಲೆ, ಯಾವ ಉದ್ದೇಶಕ್ಕೆ ಎಂದು ಬರೆದಿರಬೇಕು. ವಿಮೆಗೆಂದು ಮಾಡಿಸಿದ ವರದಿಯನ್ನು ಆಸ್ತಿ ಪಟ್ಟಿಗೆ ಹಚ್ಚಿ, ತಮ್ಮ ಆಸ್ತಿಯನ್ನು ತಾವೇ ಕಾಲು ಪಾಲು ಉಬ್ಬಿಸಿಕೊಂಡವರನ್ನು ನಾನು ನೋಡಿದ್ದೇನೆ.

ಅತ್ತಿಗೆ ಕೊನೆಗೆ ವಿಮೆಗೆ ಮೂರನೆಯ ಸಂಖ್ಯೆ, ಆಸ್ತಿ ವಿವರಕ್ಕೆ ಮೊದಲನೆಯದು ಬರೆದರು. ಎರಡು ಕಾಗದದಲ್ಲಿ ಎರಡು ಸಂಖ್ಯೆ ಏಕೆ ಎಂದು ಯಾರಾದರೂ ಕೇಳಿದರೆ ತೋರಿಸಲು ಮೇಲಿನ ಕೋಷ್ಟಕದ ಪ್ರತಿಯನ್ನು, ಪ್ರತಿ ಒಡವೆ ತಕ್ಕಡಿಯ ಮೇಲಿರುವ ಫೋಟೋ ಸಮೇತ, ಒಡವೆಯ ಜೊತೆಯಲ್ಲಲ್ಲದೆ ಬೇರೆ ಕಡೆ ಇಟ್ಟಿದ್ದಾರೆ. ಮುಂದಿನ ವರ್ಷ ಅವರು ಮತ್ತೆ ತೂಗಬೇಕಿಲ್ಲ. 105.76 ಎಂಬ ಅಪ್ಪಟ ಗ್ರಾಂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಹರಳಿನ ಬೆಲೆ, ಮಜೂರಿಯ ಪ್ರಮಾಣ ಬದಲಾಗದಿದ್ದರೆ ದರದ ಜಾಗದಲ್ಲಿ ಹೊಸ ಸಂಖ್ಯೆ ಹಾಕಿದರೆ ಲೆಕ್ಕ ಮುಗಿಯಿತು.